ವಯಸ್ಸು ಕೇಳಿ ಗುಳಿಗಿ ಕೊಡಬ್ಯಾಡ್ರಿ, ಮೊದಲ ಕೂಸಿನ ತೂಕ ನೋಡ್ರಿ

ಹಾನಗಲ್ ತಾಲೂಕಿನ ಒಂದು ಮನೆ. ಊರಿನ ಹೆಸರು ಬೇಡ, ಮನೆಯವರ ಹೆಸರೂ ಬೇಡ. ಅಂಗನವಾಡಿ ಊಟದ ಬಗ್ಗೆ ಬರೆಯೋಣವೆಂದು ಹೋಗಿದ್ದೆ. ಮಾತಾಡುತ್ತ ಕುಳಿತಾಗ ಆ ಮನೆಯ ಮೂರು ಮಕ್ಕಳೂ ಕೆರೆದುಕೊಳ್ಳುತ್ತಲೇ ಇದ್ದವು. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ, ಮುಂಗೈ ಮೇಲೆ ಗೀರು, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ. ಐದು ತಿಂಗಳ ಕೂಸಿನ ಅಂಗಾಲಿನಲ್ಲೂ ಗುಳ್ಳೆಗಳಿದ್ದವು.

"ಎಷ್ಟ ದಿನ ಆತವ್ವಾ?" ಎಂದು ಕೇಳಿದೆ.

"ಎರಡ ತಿಂಗಳ ಮ್ಯಾಲಾತ್ರಿ. ಗುಳಿಗಿ ತಂದು ಕೊಟ್ಟಿದ್ವಿ. ಹತ್ತ ದಿನ ಚಲೋ ಇತ್ತು. ಆಮ್ಯಾಲೆ ಮತ್ತ ಸುರು ಆತು" ಅಂದರು ಆ ತಾಯಿ.

ಗುಳಿಗಿ ಯಾವುದು ಎಂದರೆ ಖಾಲಿ ಪಟ್ಟಿ ತಂದು ತೋರಿಸಿದರು. ಐವರ್ಮೆಕ್ಟಿನ್, 12 ಮಿಲಿಗ್ರಾಂ. ಕೊಟ್ಟವರು ಡಾಕ್ಟರಲ್ಲ, ಪೇಟೆಯ ಒಂದು ಔಷಧಿ ಅಂಗಡಿಯವರು. ಲೆಕ್ಕ ಹೇಳಿಕೊಟ್ಟವರೂ ಅವರೇ: "ದೊಡ್ಡ ಹುಡುಗಗ ಐದು ದಾಟೇತಿ ಅಂದ್ರ ಅರ್ಧ ಗುಳಿಗಿ ಕೊಡ್ರಿ. ಮೂರು ವರ್ಷದ ಹುಡುಗಿಗೆ ಕಾಲ್ ಗುಳಿಗಿ. ಎದಿಹಾಲು ಕುಡಿಯೋ ಕೂಸಿಗೆ ಏನೂ ಬ್ಯಾಡ."

ಒಬ್ಬರಾದರೂ ಆ ಮಕ್ಕಳನ್ನು ತೂಗಿ ನೋಡಿರಲಿಲ್ಲ. ಆ ಮನೆಯ ಹಿಂದಿನ ಓಣಿಯಲ್ಲೇ ಅಂಗನವಾಡಿ ಇದೆ. ಅಲ್ಲಿ ತೂಕದ ಯಂತ್ರವಿದೆ. ಆ ಮಕ್ಕಳ ತೂಕ ಪ್ರತಿ ತಿಂಗಳೂ ಅಲ್ಲಿ ದಾಖಲಾಗುತ್ತದೆ. ನಾವು ಹೋಗಿ ನೋಡಿದೆವು: ದೊಡ್ಡ ಹುಡುಗ, ಐದು ವರ್ಷ ನಾಲ್ಕು ತಿಂಗಳು, 14 ಕಿಲೋ 400 ಗ್ರಾಂ. ಹುಡುಗಿ, ಮೂರು ವರ್ಷ, 11 ಕಿಲೋ 200 ಗ್ರಾಂ. ಕೂಸು ಆರು ಕಿಲೋ ಚಿಲ್ಲರೆ.

ಈ ಮೂವರಲ್ಲಿ ಒಬ್ಬರಿಗೂ ಆ ಗುಳಿಗಿ ಮನೆಯಲ್ಲಿ ಮುರಿದು ಕೊಡುವಂಥದ್ದಲ್ಲ. ಅದೇ ಈ ಬರಹದ ತಕರಾರು. ಹಾನಗಲ್ಲಿನಲ್ಲಿ ಕಂಡದ್ದನ್ನೇ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಗೆಳೆಯರೂ ಹೇಳುತ್ತಿದ್ದಾರೆ. ಆದ್ದರಿಂದ ಇದನ್ನು ಒಂದು ಮನೆಯ ಕತೆ ಎಂದು ಬಿಡಲಾಗದು.

ಹದಿನೈದು ಕಿಲೋ ಎಂಬ ಗೆರೆ

ಐವರ್ಮೆಕ್ಟಿನ್ ಕೆಟ್ಟ ಔಷಧಿಯಲ್ಲ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತುರಿಕಜ್ಜಿಗೆ ಬೇಕಾದ ಅಗತ್ಯ ಔಷಧಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಗೂ 2022ರಲ್ಲಿ ಸೇರಿತು. ದೊಡ್ಡವರಿಗೆ, ದೊಡ್ಡ ಮಕ್ಕಳಿಗೆ ಅದು ಸುಲಭದ, ಒಳ್ಳೆಯ ಮದ್ದು.

ಆದರೆ ಆ ಔಷಧಿಗೆ ಒಂದು ಗೆರೆ ಇದೆ. ಹದಿನೈದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಅದರ ಸುರಕ್ಷತೆ ಸಾಬೀತಾಗಿಲ್ಲ ಎಂದು ಔಷಧಿಯ ಚೀಟಿಯೇ ಹೇಳುತ್ತದೆ. ಅಳತೆಯೂ ವಯಸ್ಸಿನ ಮೇಲೆ ಅಲ್ಲ, ತೂಕದ ಮೇಲೆ ನಿಂತಿದೆ. ಒಂದು ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ. ಅಂದರೆ ಹದಿನೈದು ಕಿಲೋ ಮಗುವಿಗೆ 3 ಮಿಲಿಗ್ರಾಂ, ಅರವತ್ತು ಕಿಲೋ ಗಂಡಸಿಗೆ 12 ಮಿಲಿಗ್ರಾಂ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 12ರ ಗುಳಿಗಿ ಅರವತ್ತು ಕಿಲೋ ಆಳಿನ ಗುಳಿಗಿ ಎಂದು ನೆನಪಿಡಿ.

ಈಗ ಆ ಹುಡುಗನ ಲೆಕ್ಕ ಮಾಡಿ. ಅರ್ಧ ಗುಳಿಗಿ ಎಂದರೆ 6 ಮಿಲಿಗ್ರಾಂ. ಕಿಲೋ ಲೆಕ್ಕ ಹಾಕಿದ್ದರೂ ಅವನಿಗೆ ಮೂರು ಮಿಲಿಗ್ರಾಂ ಕೂಡ ಆಗುತ್ತಿರಲಿಲ್ಲ. ಕೊಡಬಾರದ ತೂಕದ ಹುಡುಗನಿಗೆ ಎರಡು ಪಟ್ಟಿಗಿಂತ ಹೆಚ್ಚು ಹೋಯಿತು. ಹುಡುಗಿಯ ಕಾಲು ಗುಳಿಗಿಯನ್ನು ಸಾರು ಹೆಚ್ಚುವ ಈಳಿಗೆಯಲ್ಲಿ ಕತ್ತರಿಸಿದ್ದರು. ಅದು ಕಾಲೋ, ಮುಕ್ಕಾಲೋ, ಪುಡಿಯಾಗಿ ಉದುರಿದ್ದೆಷ್ಟೋ ಯಾರಿಗೆ ಗೊತ್ತು?

ಗೆರೆ ಯಾಕೆ ಇದೆ ಎಂದೂ ತಿಳಿಯಬೇಕು. ಈ ಔಷಧಿ ಕಜ್ಜಿ ಹುಳದ ನರಗಳನ್ನು ಸ್ತಬ್ಧ ಮಾಡಿ ಅದನ್ನು ಕೊಲ್ಲುತ್ತದೆ. ಮನುಷ್ಯನ ಮಿದುಳಿಗೆ ಅದು ನುಗ್ಗದಂತೆ ತಡೆಯಲು ನಮ್ಮ ರಕ್ತನಾಳಗಳ ಗೋಡೆಯಲ್ಲಿ ಒಂದು ಕಾವಲು ಇದೆ. ಒಳಗೆ ಬಂದ ಔಷಧಿಯನ್ನು ಆ ಕಾವಲು ಹೊರಗೆ ತಳ್ಳುತ್ತದೆ. ಸಣ್ಣ ಮಕ್ಕಳಲ್ಲಿ ಈ ಕಾವಲು ಪೂರ್ತಿ ಬಲಿತಿರಲಿಕ್ಕಿಲ್ಲ ಎಂಬುದು ವೈದ್ಯರ ಆತಂಕ. ಅಳತೆ ಮೀರಿದರೆ ತೂಕಡಿಕೆ, ಓಲಾಡುವ ನಡಿಗೆ, ವಾಂತಿ, ಜೊಲ್ಲು ಸುರಿಯುವುದು ಕಾಣಬಹುದು. ಹಾಗೆ ಕಂಡರೆ ಮನೆಯಲ್ಲಿ ಕಾಯಬೇಡಿ. ಗುಳಿಗಿಯ ಪಟ್ಟಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಇದಕ್ಕೆ ಎದುರು ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಹದಿನೈದು ಕಿಲೋಗಿಂತ ಕಡಿಮೆ ತೂಕದ 170 ಮಕ್ಕಳಿಗೆ ಐವರ್ಮೆಕ್ಟಿನ್ ಕೊಟ್ಟ ಅನುಭವ 2020ರಲ್ಲಿ ಪ್ರಕಟವಾಯಿತು. ಗಂಭೀರ ತೊಂದರೆ ಕಾಣಲಿಲ್ಲ, ಹೆಚ್ಚಿನ ಮಕ್ಕಳು ಗುಣವಾದರು. ಗೆರೆಯನ್ನು ಕೆಳಗೆ ಇಳಿಸಬಹುದೇ ಎಂಬ ಚರ್ಚೆ ವೈದ್ಯಲೋಕದಲ್ಲಿ ನಡೆದಿದೆ. ಆದರೆ ಅಲ್ಲಿ ಮಗುವನ್ನು ತೂಗಿ, ಮಿಲಿಗ್ರಾಂ ಲೆಕ್ಕ ಹಾಕಿ, ಕಣ್ಣಿಟ್ಟು ನೋಡಿಕೊಂಡವರು ಡಾಕ್ಟರು. ಮುಲಾಮು ಕೈಕೊಟ್ಟಾಗ ಚರ್ಮದ ಡಾಕ್ಟರು ನೋಡಿ ಬರೆದರೆ ಅದು ಒಂದು ಮಾತು. ಕೌಂಟರಿನ ಮೇಲೆ ಗುಳಿಗಿ ಮುರಿದು ಕೊಡುವುದು ಬೇರೆಯೇ ಮಾತು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸಬೇಡಿ.

"ಐದು ದಾಟೇತಿ" ಎಂಬ ಮೋಸದ ಲೆಕ್ಕ

"ಐದು ವರ್ಷ ದಾಟಿದರೆ ಗುಳಿಗಿ ನಡೀತೈತಿ" ಎಂಬ ಮಾತು ಎಲ್ಲಿಂದ ಬಂತು? ಚೆನ್ನಾಗಿ ಬೆಳೆದ ಮಗು ಐದು ವರ್ಷಕ್ಕೆ ಸುಮಾರು ಹದಿನೆಂಟು ಕಿಲೋ ಇರುತ್ತದೆ. ಅಂಥ ಮಗುವಿಗೆ ವಯಸ್ಸಿನ ಲೆಕ್ಕವೂ ತೂಕದ ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತವೆ. ಆದರೆ ನಮ್ಮ ಎಲ್ಲ ಮಕ್ಕಳೂ ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳು ವಯಸ್ಸಿಗೆ ತಕ್ಕ ತೂಕ ಇಲ್ಲದವರು. ಐದು ತುಂಬಿದರೂ ಹದಿಮೂರು ಹದಿನಾಲ್ಕು ಕಿಲೋದಲ್ಲೇ ನಿಂತ ಮಕ್ಕಳು ಪ್ರತಿ ಅಂಗನವಾಡಿಯಲ್ಲೂ ಸಿಗುತ್ತಾರೆ.

ಯಾವ ಮಗುವಿಗೆ ಊಟ ಕಡಿಮೆಯೋ ಅದೇ ಮಗುವಿಗೆ ವಯಸ್ಸು ಕೇಳಿ ಕೊಟ್ಟ ಗುಳಿಗಿ ಹೆಚ್ಚಾಗುತ್ತದೆ. ಕಜ್ಜಿ ಹೆಚ್ಚಾಗಿ ಕಾಣುವುದೂ ಒಂದೇ ಕೌದಿಯಲ್ಲಿ ನಾಲ್ಕು ಮಕ್ಕಳು ಮಲಗುವ ಮನೆಗಳಲ್ಲೇ. ಹೀಗಾಗಿ ಈ ಮೋಸದ ಲೆಕ್ಕದ ಭಾರ ಬೀಳುವುದು ಬಡವರ ಮಕ್ಕಳ ಮೇಲೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಆನೆಕಾಲು ರೋಗಕ್ಕೆ ಐವರ್ಮೆಕ್ಟಿನ್ ಸೇರಿ ಮೂರು ಔಷಧಿಗಳನ್ನು ಊರಿಗೆ ಊರೇ ನುಂಗಿಸುವ ಕಾರ್ಯಕ್ರಮಕ್ಕೆ ದೇಶದಲ್ಲಿ ಮೊದಲು ಆರಿಸಿದ ಐದು ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಆ ಕಾರ್ಯಕ್ರಮದಲ್ಲಿ ಐವರ್ಮೆಕ್ಟಿನ್ ಕೊಡುವ ಮೊದಲು ಎತ್ತರ ಅಳೆಯಬೇಕು, ಐದು ವರ್ಷದೊಳಗಿನ ಮಕ್ಕಳಿಗೂ 90 ಸೆಂಟಿಮೀಟರಿಗಿಂತ ಗಿಡ್ಡ ಇರುವವರಿಗೂ ಕೊಡಬಾರದು, ಬಸುರಿಯರಿಗೂ ಕೊಡಬಾರದು ಎಂಬುದು ನಿಯಮ. ಲಕ್ಷಗಟ್ಟಲೆ ಜನರಿಗೆ ಕೊಡುವಾಗಲೇ ಅಳೆಯುವ ಕೋಲು ಹಿಡಿದು ಬರುತ್ತಾರಾದರೆ, ಹಾವೇರಿ ಜಿಲ್ಲೆಯ ಒಂದು ಮನೆಯ ಮೂರು ಮಕ್ಕಳನ್ನು ತೂಗಲು ಏನು ಕಷ್ಟ?

ಈ ಗುಳಿಗಿಯ ಸಲಿಗೆ ಹೆಚ್ಚಾದದ್ದು ಕೊರೊನಾ ಕಾಲದಲ್ಲಿ. 2021ರ ಎರಡನೇ ಅಲೆಯಲ್ಲಿ ಪಕ್ಕದ ಗೋವಾ ಸರ್ಕಾರ ವಯಸ್ಕರೆಲ್ಲರೂ 12 ಮಿಲಿಗ್ರಾಂ ಐವರ್ಮೆಕ್ಟಿನ್ ಐದು ದಿನ ನುಂಗಲಿ ಎಂದು ಸಾರಿತು. ಕೊರೊನಾಕ್ಕೆ ಅದರಿಂದ ಲಾಭ ಕಾಣದೆ ಅದೇ ವರ್ಷ ಕೇಂದ್ರದ ಮಾರ್ಗಸೂಚಿಗಳು ಅದನ್ನು ಕೈಬಿಟ್ಟವು. ಆದರೆ ಗುಳಿಗಿಯ ಹೆಸರು ಬಾಯಲ್ಲಿ ಉಳಿಯಿತು. ಇನ್ನು ದನಕರುಗಳ ಉಣ್ಣಿಗೆ ಹಾಕುವ ಐವರ್ಮೆಕ್ಟಿನ್ ಇಂಜೆಕ್ಷನ್ ಅನೇಕರ ಕೊಟ್ಟಿಗೆಯ ಮಾಡದಲ್ಲಿ ಇರುತ್ತದೆ. ಅದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಹತ್ತು ಕಿಲೋ ಕೂಸಿನ ಲೆಕ್ಕಕ್ಕೆ ಅದು ಐದು ಪಟ್ಟು. ಅದನ್ನು ಮಕ್ಕಳಿಗೆ ಹಚ್ಚುವುದೂ ಬೇಡ, ಕುಡಿಸುವುದಂತೂ ಬೇಡವೇ ಬೇಡ.

ಹಾಗಾದರೆ ಸಣ್ಣ ಮಕ್ಕಳಿಗೆ ಏನು?

ಪರ್ಮೆಥ್ರಿನ್ ಮುಲಾಮು. ಟ್ಯೂಬಿನ ಮೇಲೆ 5% ಎಂದು ಬರೆದಿರಬೇಕು. ತಲೆಯ ಹೇನಿಗೆ 1% ಪರ್ಮೆಥ್ರಿನ್ ಲೋಷನ್ ಸಿಗುತ್ತದೆ, ಹೆಸರು ಒಂದೇ ಎಂದು ಅದನ್ನು ತಂದು ಹಚ್ಚಿದರೆ ಕಜ್ಜಿ ಹೋಗುವುದಿಲ್ಲ. ಎರಡು ತಿಂಗಳು ತುಂಬಿದ ಕೂಸಿನಿಂದ ಹಿಡಿದು ಬಸುರಿ, ಬಾಣಂತಿ, ಅಜ್ಜಿಯವರೆಗೆ ಇದನ್ನು ಬಳಸಬಹುದು. ಇಲ್ಲಿ ಗೆರೆ ಎರಡು ತಿಂಗಳು. ಅದಕ್ಕಿಂತ ಸಣ್ಣ ಕೂಸಿಗೆ ಮನೆಯಲ್ಲಿ ನಿರ್ಧಾರ ಬೇಡ. ಅಂಥ ಕೂಸಿಗೆ ಗಂಧಕದ ಮುಲಾಮು ಕೊಡಬೇಕೋ, ಬೇರೆ ಏನು ಮಾಡಬೇಕೋ ಮಕ್ಕಳ ಡಾಕ್ಟರು ಹೇಳಬೇಕು.

"ಮುಲಾಮು ಹಚ್ಚಿ ನೋಡಿದ್ವಿ, ಏನೂ ಆಗಲಿಲ್ಲ" ಎನ್ನುವವರು ಬಹಳ. ಹೇಗೆ ಹಚ್ಚಿದಿರಿ ಎಂದು ಕೇಳಿದರೆ ಉತ್ತರ ಒಂದೇ: ಎಲ್ಲಿ ಕೆರೆಯುತ್ತದೋ ಅಲ್ಲಿ. ತಪ್ಪಿದ್ದು ಅಲ್ಲೇ. ಹುಳ ಇರುವುದು ಚರ್ಮದ ಒಳಗೆ ಕೊರೆದ ಕಣ್ಣಿಗೆ ಕಾಣದ ಬಿಲದಲ್ಲಿ. ತುರಿಕೆ ಬರುವುದು ಹುಳದ ಮೊಟ್ಟೆ, ಹಿಕ್ಕೆಗಳಿಗೆ ಮೈ ಮುನಿಯುವುದರಿಂದ. ಮೊದಲ ಸಲ ಕಜ್ಜಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಕೆರೆಯದೇ ಇದ್ದ ಮಾವನ ಮೈಮೇಲೂ ಹುಳ ಇರುತ್ತದೆ. ಅದಕ್ಕೇ ಕೆರೆಯುವ ಜಾಗಕ್ಕೆ ಮಾತ್ರ ಹಚ್ಚಿದರೂ ಸಾಲದು, ಕೆರೆಯುವವರಿಗೆ ಮಾತ್ರ ಹಚ್ಚಿದರೂ ಸಾಲದು.

ಸರಿಯಾಗಿ ಹಚ್ಚುವುದು ಹೀಗೆ. ರಾತ್ರಿ ಮಲಗುವ ಮುಂಚೆ, ಮೈ ಒಣಗಿ ತಂಪಾಗಿದ್ದಾಗ, ಕುತ್ತಿಗೆಯಿಂದ ಅಂಗಾಲಿನವರೆಗೆ ತೆಳುವಾಗಿ ಇಡೀ ಮೈಗೆ. ಬೆರಳ ಸಂದಿ, ಉಗುರಿನ ಅಡಿ, ಕಂಕುಳು, ಹೊಕ್ಕಳು, ತೊಡೆಯ ಸಂದಿ, ಕುಂಡಿ, ಯಾವುದನ್ನೂ ಬಿಡಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಹುಳ ತಲೆಗೂ ಮುಖಕ್ಕೂ ಹತ್ತುತ್ತದೆ. ಅವರಿಗೆ ನೆತ್ತಿ, ಹಣೆ, ಕಿವಿಯ ಹಿಂದೆ ಕೂಡ ಹಚ್ಚಬೇಕು. ಕಣ್ಣು ಮತ್ತು ಬಾಯಿಯ ಸುತ್ತ ಮಾತ್ರ ಬಿಡಿ. ಕೂಸು ಕೈ ಚೀಪದ ಹಾಗೆ ಕೈಗೆ ಕಾಲುಚೀಲ ಹಾಕಿ. ಎಂಟು ತಾಸಿನಿಂದ ಹದಿನಾಲ್ಕು ತಾಸು ಮೈಮೇಲೆ ಇರಲಿ, ಬೆಳಿಗ್ಗೆ ಸ್ನಾನ ಮಾಡಿಸಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ರೊಟ್ಟಿ ತಟ್ಟುವ ಅವ್ವಂದಿರು, ಈ ಮಾತು ನಿಮಗಾಗಿಯೇ. ಎಂಟು ತಾಸು ಬೇಕಾದ ಕೆಲಸವನ್ನು ಎರಡು ನಿಮಿಷದಲ್ಲಿ ತೊಳೆದುಹೋಗುವ ಕಜ್ಜಿ ಸಾಬೂನು ಮಾಡಲಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಏಳು ದಿನ ಬಿಟ್ಟು ಇದೇ ಕೆಲಸ ಇನ್ನೊಮ್ಮೆ. ಸೋಮವಾರ ಹಚ್ಚಿದರೆ ಮುಂದಿನ ಸೋಮವಾರ ಮತ್ತೆ. ಗುಳಿಗಿಗೂ ಎರಡನೇ ಸರದಿ ಬೇಕೇ ಬೇಕು. ಐವರ್ಮೆಕ್ಟಿನ್ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಒಡೆದು ಹೊಸ ಹುಳ ಬರುತ್ತದೆ. ಹಾನಗಲ್ಲಿನ ಆ ಮನೆಯಲ್ಲಿ ಹತ್ತು ದಿನ ಚಲೋ ಇದ್ದು ಮತ್ತೆ ಶುರುವಾಗಿದ್ದರ ಗುಟ್ಟು ಇಲ್ಲೇ ಇದೆ. ಒಂದೇ ಸಲ ನುಂಗಿದ ಗುಳಿಗಿ, ಅದರ ಜೊತೆಗೆ ಏನೂ ಹಚ್ಚದೆ ಬಿಟ್ಟ ಐದು ತಿಂಗಳ ಕೂಸು. ತಾಯಿಯ ಎದೆಗೆ ಅಂಟಿಕೊಂಡ ಕೂಸಿನಿಂದ ಇಡೀ ಮನೆಗೆ ಕಜ್ಜಿ ಮತ್ತೆ ಬಂತು.

ಎರಡು ಸುತ್ತು ಮುಗಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಹುಳ ಸತ್ತರೂ ಅದರ ಕಸ ಚರ್ಮದಲ್ಲಿ ಉಳಿದಿರುತ್ತದೆ. ಮದ್ದು ಸೋತಿತು ಎಂದು ದಿನಾ ಮುಲಾಮು ಬಳಿಯಬೇಡಿ, ಚರ್ಮ ಉರಿಯುತ್ತದೆ. ಹೊಸ ಗುಳ್ಳೆ ಏಳುತ್ತಿವೆಯೇ ನೋಡಿ. ಎದ್ದರೆ, ಅಥವಾ ನಾಲ್ಕು ವಾರ ದಾಟಿದರೂ ತುರಿಕೆ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಪರ್ಮೆಥ್ರಿನ್ ಮೊದಲಿನ ಹಾಗೆ ಕೆಲಸ ಮಾಡುತ್ತಿಲ್ಲ ಎಂಬ ದೂರು ಯುರೋಪಿನ ಕೆಲವು ದೇಶಗಳಿಂದ ಬಂದಿದೆ, ಅದು ಸುಳ್ಳಲ್ಲ. ಆದರೆ ಸರಿಯಾಗಿ ಎರಡು ಸಲ ಹಚ್ಚದೆ ಹುಳದ ಮೇಲೆ ತಪ್ಪು ಹೊರಿಸಲಾಗದು.

ದುಡ್ಡಿನ ಮಾತು

ಈಗ ನಿಜವಾದ ಅಡ್ಡಿಗೆ ಬರೋಣ. ಗುಳಿಗಿ ಅಗ್ಗ, ಮುಲಾಮು ದುಬಾರಿ. "ಮನಿ ಮಂದಿಗೆಲ್ಲಾ ಟ್ಯೂಬ್ ತರಾಕ ನಮ್ಮ ಕಡೆ ಎಲ್ಲೈತ್ರಿ ರೊಕ್ಕ?" ಎಂದು ಆ ತಾಯಿ ಕೇಳಿದ್ದು ನ್ಯಾಯವೇ. ಹಾಗಾಗಿ ಒಂದು ಟ್ಯೂಬ್ ತಂದು ಆರು ಜನ ಹಂಚಿಕೊಳ್ಳುತ್ತಾರೆ, ಯಾರಿಗೂ ಪೂರ್ತಿ ಆಗುವುದಿಲ್ಲ. ಇಲ್ಲವೇ ಎಲ್ಲರಿಗೂ ಗುಳಿಗಿ ಮುರಿಯುತ್ತಾರೆ.

ಅದೇ ಮನೆಯ ಲೆಕ್ಕವನ್ನು ಸರಿಯಾಗಿ ಮಾಡಿ ನೋಡೋಣ. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ಮೂರು ಮಕ್ಕಳು. ಒಬ್ಬ ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಮಿನ ಒಂದು ಟ್ಯೂಬ್ ಬೇಕು. ಐದು ವರ್ಷದ ಆಸುಪಾಸಿನವರೆಗಿನ ಮಗುವಿಗೆ ಕಾಲು ಟ್ಯೂಬ್ ಸಾಕು. ಒಂದು ವರ್ಷದೊಳಗಿನ ಕೂಸಿಗೆ ಅದರ ಅರ್ಧ, ಅಂದರೆ ಎಂಟನೇ ಒಂದು ಪಾಲು. ಎಲ್ಲರಿಗೂ ಮುಲಾಮೇ ಎಂದರೆ ಎರಡು ಸಲಕ್ಕೆ ಎಂಟು ಟ್ಯೂಬ್ ಬೇಕಾಗುತ್ತದೆ. ಅಷ್ಟು ಆ ಮನೆಯಿಂದ ಆಗದ ಮಾತು.

ಈಗ ಔಷಧಿಗಳನ್ನು ಅವುಗಳ ಜಾಗಕ್ಕೆ ಹಾಕಿ. ತಂದೆ 58 ಕಿಲೋ, ಅಜ್ಜಿ 44 ಕಿಲೋ. ಇವರಿಬ್ಬರಿಗೆ ಡಾಕ್ಟರು ತೂಕ ನೋಡಿ ಐವರ್ಮೆಕ್ಟಿನ್ ಬರೆಯಲಿ: ತಂದೆಗೆ 12, ಅಜ್ಜಿಗೆ 9 ಮಿಲಿಗ್ರಾಂ, ಊಟದ ಜೊತೆ, ವಾರ ಬಿಟ್ಟು ಇನ್ನೊಮ್ಮೆ. ಎದೆಹಾಲು ಕುಡಿಸುವ ತಾಯಿಗೆ ಮತ್ತು ಮೂರು ಮಕ್ಕಳಿಗೆ ಮುಲಾಮು. ಆಗ ಎರಡು ಸಲಕ್ಕೆ ನಾಲ್ಕು ಟ್ಯೂಬ್ ಸಾಕು. ಖರ್ಚಿನ ದೊಡ್ಡ ಪಾಲು ಉಳಿಯಿತು, ಮಕ್ಕಳೂ ಉಳಿದರು. ನಾವು ಗುಳಿಗಿಯನ್ನು ಬಯ್ಯುತ್ತಿಲ್ಲ. ಗುಳಿಗಿ ದೊಡ್ಡವರಿಗೆ ಹೋಗಲಿ, ಮುಲಾಮು ಸಣ್ಣವರಿಗೆ ಬರಲಿ ಎನ್ನುತ್ತಿದ್ದೇವೆ. ಈಗ ನಡೆಯುತ್ತಿರುವುದು ಉಲ್ಟಾ. ತುರಿಕೆ ಇಲ್ಲವೆಂದು ದೊಡ್ಡವರು ಏನೂ ತೆಗೆದುಕೊಳ್ಳುವುದಿಲ್ಲ, ಮಕ್ಕಳ ಬಾಯಿಗೆ ಗುಳಿಗಿ ತುಂಡು ಹೋಗುತ್ತದೆ.

ಹೀಗೆ ಹಂಚಿ ಕೊಡುವುದು ನಮ್ಮ ತಲೆಯಿಂದ ಬಂದ ಉಪಾಯವಲ್ಲ. ಫಿಜಿ ದ್ವೀಪಗಳಲ್ಲಿ 2012ರಲ್ಲಿ ಊರಿಗೆ ಊರೇ ಚಿಕಿತ್ಸೆ ಕೊಟ್ಟು ನೋಡಿದರು. ಕಂಡ ರೋಗಿಗೂ ಅವರ ಮನೆಯವರಿಗೂ ಮಾತ್ರ ಮುಲಾಮು ಕೊಟ್ಟ ಕಡೆ ಒಂದು ವರ್ಷದ ಮೇಲೆ ಕಜ್ಜಿ ಅರ್ಧದಷ್ಟೇ ಇಳಿದಿತ್ತು. ಎಲ್ಲರಿಗೂ ಪರ್ಮೆಥ್ರಿನ್ ಕೊಟ್ಟ ಕಡೆ 62% ಇಳಿಯಿತು. ಐವರ್ಮೆಕ್ಟಿನ್ ಕೊಟ್ಟ ದ್ವೀಪದಲ್ಲಿ 94% ಇಳಿಯಿತು. ಗುಳಿಗಿಯ ಪರ ಮಾತಾಡುವವರು ಈ ಕೊನೆಯ ಅಂಕಿಯನ್ನು ಹೇಳುತ್ತಾರೆ. ಆ ದ್ವೀಪದಲ್ಲೂ ಸಣ್ಣ ಮಕ್ಕಳಿಗೆ ಮತ್ತು ಬಸುರಿಯರಿಗೆ ಕೊಟ್ಟದ್ದು ಪರ್ಮೆಥ್ರಿನ್ ಮುಲಾಮನ್ನೇ ಎಂಬುದನ್ನು ಹೇಳುವುದಿಲ್ಲ. ಅಲ್ಲಿ ಗೆದ್ದದ್ದು ಎರಡೂ ಔಷಧಿ ಅವುಗಳ ಜಾಗದಲ್ಲಿ, ಎಲ್ಲರಿಗೂ, ಒಟ್ಟಿಗೆ.

ಕಜ್ಜಿ ಅಷ್ಟೇ ಅಲ್ಲವೇ ಎನ್ನುವವರಿಗೆ

"ಕಜ್ಜಿ ಯಾರನ್ನ ಕೊಂದೈತಿ?" ಎಂದು ನಗುವವರಿದ್ದಾರೆ. ಕೆರೆದ ಗಾಯದಲ್ಲಿ ಕೀವಾಗುತ್ತದೆ. ಆ ಕೀವಿನ ರೋಗಾಣುವಿನಿಂದ ಕೆಲವು ಮಕ್ಕಳಿಗೆ ಎರಡು ಮೂರು ವಾರದ ಮೇಲೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಮುಖ, ರೆಪ್ಪೆ ಬಾತಿರುತ್ತದೆ. ಉಚ್ಚೆ ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಡಿಮೆಯಾಗುತ್ತದೆ. ಇದನ್ನು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀವಾದ ಗಾಯಕ್ಕೆ ಬೇರೆಯೇ ಔಷಧಿ ಬೇಕು, ಪರ್ಮೆಥ್ರಿನ್ನಿಂದ ಕೀವು ಮಾಯುವುದಿಲ್ಲ.

ಇನ್ನೊಂದು ಅಪಾಯ, ಕೌಂಟರಿನಲ್ಲಿ ಕೈಗೆ ಬರುವ ಸ್ಟೀರಾಯ್ಡ್ ಬೆರೆಸಿದ ಟ್ಯೂಬುಗಳು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿದು ತುರಿಕೆ ತಗ್ಗುತ್ತದೆ, ಜನ ಖುಷಿಯಾಗುತ್ತಾರೆ. ಹುಳ ಮಾತ್ರ ಒಳಗೆ ಹಾಯಾಗಿ ಹೆಚ್ಚುತ್ತದೆ. ಆಮೇಲೆ ಡಾಕ್ಟರಿಗೂ ಅದು ಕಜ್ಜಿಯೇ ಎಂದು ಗುರುತು ಸಿಗದ ಹಾಗೆ ರೂಪ ಬದಲಾಗಿರುತ್ತದೆ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಅಂಗಡಿಯವರಿಗೆ ಅದು ಗೊತ್ತು.

ನಮ್ಮ ಬೇಡಿಕೆ

ಔಷಧಿ ಅಂಗಡಿಯವರಿಗೆ: ಮಗುವಿನ ತೂಕ ಗೊತ್ತಿಲ್ಲದೆ, ಡಾಕ್ಟರ ಚೀಟಿ ಇಲ್ಲದೆ ಮಕ್ಕಳಿಗೆಂದು ಐವರ್ಮೆಕ್ಟಿನ್ ಕೊಡಬೇಡಿ. "ಐದು ದಾಟೇತೇನ?" ಎಂದು ಕೇಳುವ ಬದಲು "ಎಷ್ಟು ಕಿಲೋ ಐತಿ?" ಎಂದು ಕೇಳಿ. ಗೊತ್ತಿಲ್ಲ ಎಂದರೆ ಅಂಗನವಾಡಿಗೆ ಕಳಿಸಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ: ಒಂದು ಮಗು ಕೆರೆಯುತ್ತ ಬಂದರೆ ಒಂದು ಟ್ಯೂಬ್ ಕೊಟ್ಟು ಕಳಿಸಬೇಡಿ. ಮನೆಯಲ್ಲಿ ಎಷ್ಟು ಜನ, ಯಾರ ತೂಕ ಎಷ್ಟು, ಬಸುರಿ ಯಾರು, ಎರಡು ತಿಂಗಳೊಳಗಿನ ಕೂಸು ಇದೆಯೇ ಎಂದು ಬರೆದುಕೊಂಡು ಇಡೀ ಮನೆಗೆ, ಎರಡೂ ಸರದಿಗೆ ಆಗುವಷ್ಟು ಒಂದೇ ಸಲ ಕೊಡಿ. ದಾಸ್ತಾನು ಇಲ್ಲದಿದ್ದರೆ ಇಲ್ಲ ಎಂದು ಮೇಲೆ ಬರೆಯಿರಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕು ಆರೋಗ್ಯಾಧಿಕಾರಿಗಳು ಆ ಬೇಡಿಕೆಯನ್ನು ಹಾವೇರಿಗೆ ಮುಟ್ಟಿಸಲಿ.

ಓದುಗರಿಗೆ: ಮದ್ದು ಹಚ್ಚಿದ ರಾತ್ರಿಯ ಮರುದಿನ ಹಿಂದಿನ ಮೂರು ದಿನ ಉಟ್ಟ, ಹೊದ್ದ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮನುಷ್ಯನ ಮೈ ಸಿಗದೆ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಮನೆ ಮಂದಿಯೆಲ್ಲ ಒಂದೇ ರಾತ್ರಿ ಔಷಧಿ ಮಾಡಿಕೊಳ್ಳಿ.

ಹಾನಗಲ್ಲಿನ ಆ ಮನೆಯವರು ಮಕ್ಕಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದರು. ಹೋಗುವಾಗ ಅಂಗನವಾಡಿ ಟೀಚರು ಮೂರೂ ಮಕ್ಕಳ ತೂಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಡಾಕ್ಟರು ಮೊದಲು ನೋಡಿದ್ದು ಆ ಹಾಳೆಯನ್ನೇ. ಎರಡು ಸೋಮವಾರ ಕಳೆದವು. ಮೂರನೇ ವಾರ ಫೋನ್ ಮಾಡಿದಾಗ ಆ ತಾಯಿ ಹೇಳಿದ್ದು ಇಷ್ಟು: "ಹೊಸಾ ಗುಳ್ಳಿ ಎದ್ದಿಲ್ರಿ. ಕೂಸು ರಾತ್ರಿ ನಿದ್ದಿ ಮಾಡಾಕತ್ತೈತಿ."

ನಿಮ್ಮ ಮನೆಯಲ್ಲೂ ಕೆರೆಯುವ ಮಗು ಇದ್ದರೆ ಅಂಗಡಿಗೆ ಹೋಗುವ ಮೊದಲು ಅಂಗನವಾಡಿಗೆ ಹೋಗಿ. ತೂಕವನ್ನು ಹಾಳೆಯ ಮೇಲೆ ಬರೆಸಿಕೊಳ್ಳಿ. ಹದಿನೈದು ಕಿಲೋ ಇಲ್ಲವೆಂದರೆ, ಯಾರು ಎಷ್ಟೇ ಹೇಳಿದರೂ, ಗುಳಿಗಿಯನ್ನು ಮನೆಯಲ್ಲಿ ಮುರಿಯಬೇಡಿ.